ವರದಿಯ ಕರಡಿಗೆ ಶೈಲಿ ಕೈಪಿಡಿ: ಪುಟವಾರು ತಿದ್ದುವುದೇಕೆ ಸಾಲದು?

ಪ್ರಶ್ನೆ: ನಮ್ಮ ಸಂಸ್ಥೆಯ ಇಂಗ್ಲಿಷ್ ವಾರ್ಷಿಕ ವರದಿಯನ್ನು ಮೂವರು ಬರೆದಿದ್ದಾರೆ. ಶೈಲಿ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ಪುಟದಿಂದ ಕೊನೆಯವರೆಗೆ ತಿದ್ದಿದರೂ ದೊಡ್ಡಕ್ಷರ, ಸಂಖ್ಯೆ ಮತ್ತು ಪಟ್ಟಿಗಳ ವಿರಾಮಚಿಹ್ನೆ ಒಂದೇ ತೆರನಾಗಿ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಪುಟವಾರು ತಿದ್ದುವವರು ಹತ್ತನೆಯ ಪುಟದಲ್ಲಿ ಕೈಗೊಂಡ ತೀರ್ಮಾನವನ್ನು ನಲವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಮರೆತಿರುತ್ತಾರೆ. ಆದ್ದರಿಂದ ಒಂದು ಸುತ್ತಿನಲ್ಲಿ ಒಂದೇ ಬಗೆಯ ದೋಷವನ್ನು ಹಿಡಿದು ಇಡೀ ಕರಡನ್ನು ತಿದ್ದಿ, ಕೈಪಿಡಿ ಮೌನವಾಗಿರುವ ಕಡೆ ನೀವು ಮಾಡಿದ ನಿರ್ಧಾರವನ್ನು ಪುಟಸಂಖ್ಯೆಯೊಡನೆ ಬೇರೊಂದು ಹಾಳೆಯಲ್ಲಿ ಬರೆದಿಡಿ.

ದೊಡ್ಡಕ್ಷರದ ಕೆಲಸ ಬೇಗ ಮುಗಿಯುತ್ತದೆ. ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ ವರ್ಡ್‌ನ ನ್ಯಾವಿಗೇಷನ್ ಪೇನ್‌ನಲ್ಲಿ ಅವೆಲ್ಲ ಒಟ್ಟಿಗೆ ಕಾಣುವುದರಿಂದ, ಎಲ್ಲ ಪದಗಳಿಗೂ ದೊಡ್ಡಕ್ಷರ ಬಂದಿರುವ ಶೀರ್ಷಿಕೆ ಯಾವುದು, ಮೊದಲ ಪದಕ್ಕೆ ಮಾತ್ರ ಬಂದಿರುವುದು ಯಾವುದು ಎಂಬುದು ಕೂಡಲೇ ತಿಳಿಯುತ್ತದೆ. ಹುದ್ದೆಗಳು ಮಾತ್ರ ಕಾಡುತ್ತವೆ: ಹೆಸರಿಗೆ ಮೊದಲು ಬಂದಾಗ ದೊಡ್ಡಕ್ಷರ, ಬಿಡಿಯಾಗಿ ಬಂದಾಗ ಸಣ್ಣಕ್ಷರ ಎಂಬುದು ಅನೇಕ ಕೈಪಿಡಿಗಳ ನಿಯಮವಾದರೂ, ತಮ್ಮ ನಿರ್ದೇಶಕರ ಹುದ್ದೆಯನ್ನು ಸಣ್ಣಕ್ಷರದಲ್ಲಿ ನೋಡಲು ಕಚೇರಿಗಳು ಸುಲಭವಾಗಿ ಒಪ್ಪುವುದಿಲ್ಲ.

ಸಂಖ್ಯೆಗಳಿಗೆ ಹೆಚ್ಚು ಸಮಯ ಮೀಸಲಿಡಿ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಎಪಿ ಶೈಲಿಯು ಸಾಮಾನ್ಯವಾಗಿ ಒಂಬತ್ತರವರೆಗೆ ಅಕ್ಷರದಲ್ಲಿ ಬರೆಯಿಸಿದರೆ, ಷಿಕಾಗೊ ಶೈಲಿಯ ಸಾಮಾನ್ಯ ನಿಯಮ ನೂರರವರೆಗೂ ಅಕ್ಷರವನ್ನೇ ಬಯಸುತ್ತದೆ. ನಿಮ್ಮ ಕೈಪಿಡಿ ಮೊದಲನೆಯದನ್ನು ಅನುಸರಿಸುತ್ತದೆ ಎಂದುಕೊಳ್ಳೋಣ. ವರ್ಡ್‌ನ ಹುಡುಕುವ ಪೆಟ್ಟಿಗೆಯಲ್ಲಿ ವೈಲ್ಡ್‌ಕಾರ್ಡ್ ಆಯ್ಕೆಯನ್ನು ಗುರುತು ಮಾಡಿ ಹೀಗೆ ಟೈಪಿಸಿದರೆ ಒಂಟಿ ಅಂಕಿಗಳು ಒಂದೊಂದಾಗಿ ಸಿಗುತ್ತವೆ:

```
<[1-9]>
```

‘ರಿಪ್ಲೇಸ್ ಆಲ್’ ಒತ್ತಬೇಡಿ. ಈ ಹುಡುಕಾಟ 5.2ರಲ್ಲಿನ 5ನ್ನೂ, ಕೋಷ್ಟಕದ ಅಂಕಿಯನ್ನೂ ಹಿಡಿಯುತ್ತದೆ. ಕರಡಿನ ಒಂದು ವಾಕ್ಯದಲ್ಲಿ 7 ಹಳ್ಳಿ, ‘ಹನ್ನೆರಡು’ ಶಾಲೆ, 3 ಕಿ.ಮೀ. ಎಂದು ಬಂದಿದ್ದರೆ, ಹಳ್ಳಿಗಳ 7 ಎಂಬುದು ಅಕ್ಷರಕ್ಕೂ ಶಾಲೆಗಳ ‘ಹನ್ನೆರಡು’ ಎಂಬುದು ಅಂಕಿಗೂ ತಿರುಗಬೇಕು. ಅಳತೆಯ ಮಾನದೊಡನೆ ಬಂದಿರುವ 3 ಹಾಗೆಯೇ ಉಳಿಯುತ್ತದೆ. ಆದರೆ ಒಂದೇ ವಾಕ್ಯದಲ್ಲಿ ಏಳು ಶಾಲೆ ಮತ್ತು ಹನ್ನೆರಡು ಶಾಲೆಗಳನ್ನು ಹೋಲಿಸಿದ್ದರೆ ಎರಡನ್ನೂ ಅಂಕಿಯಲ್ಲಿಡಬೇಕೆ ಎಂಬುದನ್ನು ಕೈಪಿಡಿ ಹೇಳದಿರಬಹುದು. ಅದು ನಿಮ್ಮ ಹಾಳೆಗೆ ಸೇರಬೇಕಾದ ನಿರ್ಧಾರ. 12,50,000 ಮತ್ತು 1,250,000 ಒಂದೇ ವರದಿಯಲ್ಲಿ ಬೆರೆತಿದ್ದರೆ, ವಿದೇಶದ ಓದುಗರಿದ್ದಾರೆಯೇ ಎಂದು ಕೇಳಿಕೊಂಡು ಒಂದನ್ನು ಆರಿಸಿ.

ಪಟ್ಟಿಗಳಲ್ಲಿ ಚಿಹ್ನೆಗಿಂತ ಮೊದಲು ವಾಕ್ಯರಚನೆಯನ್ನು ನೋಡಿ. ಐದು ಅಂಶಗಳಲ್ಲಿ ನಾಲ್ಕು ಪದಗುಚ್ಛಗಳಾಗಿದ್ದು ಒಂದು ಪೂರ್ಣ ವಾಕ್ಯವಾಗಿದ್ದರೆ ಯಾವ ಚಿಹ್ನೆ ಹಾಕಿದರೂ ಪಟ್ಟಿ ಸರಿಹೋಗದು. ಆ ವಾಕ್ಯವನ್ನೇ ಪದಗುಚ್ಛವಾಗಿ ಬದಲಿಸಬೇಕು. ಆಮೇಲೆ ಕೈಪಿಡಿಯ ನಿಯಮ ಅನ್ವಯಿಸುವುದು ಸುಲಭ. ಪೂರ್ಣ ವಾಕ್ಯಗಳಿಗೆ ದೊಡ್ಡಕ್ಷರ ಮತ್ತು ಪೂರ್ಣವಿರಾಮ ಕೊಟ್ಟು, ಪದಗುಚ್ಛಗಳನ್ನು ಚಿಹ್ನೆಯಿಲ್ಲದೆ ಬಿಡುವುದು ಸಾಮಾನ್ಯ ರೂಢಿ.

ಉದ್ಧರಣೆಗಳು, ಕಾಯ್ದೆಗಳ ಹೆಸರುಗಳು ಮತ್ತು ಪ್ರಕಟಿತ ಕೃತಿಗಳ ಶೀರ್ಷಿಕೆಗಳಲ್ಲಿನ ಅಂಕಿಯನ್ನಾಗಲಿ ಪದಗಳನ್ನಾಗಲಿ ಯಾವ ಸುತ್ತಿನಲ್ಲೂ ಬದಲಿಸಬೇಡಿ.