ಪೇಸರ್‌ಗಳಿಗೆ ಧನ್ಯವಾದ ಹೇಳುವಾಗ

"ನಮ್ಮ ಓಟದ ಕ್ಲಬ್ಬಿನ ವಾರ್ಷಿಕ ಕೂಟದಲ್ಲಿ ಐದು ನಿಮಿಷ ಮಾತಾಡಬೇಕು. ಪೇಸರ್‌ಗಳಿಗೆ, ಸ್ವಯಂಸೇವಕರಿಗೆ ಧನ್ಯವಾದ, ಹೊಸಬರಿಗೆ ಸ್ವಾಗತ. ಹೆಸರಿನ ಪಟ್ಟಿ ಓದಿದ ಹಾಗೆ ಆಗಬಾರದು. ಹೇಗೆ ಶುರು ಮಾಡಲಿ?"

ಪೇಸರ್ ಮಾಡುವ ಕೆಲಸವನ್ನೇ ಬಿಡಿಸಿ ಹೇಳಿ, ಸಾಕು. ಪೇಸರ್ ಅಂದರೆ ಜೋರಾಗಿ ಓಡುವವರು ಅಂತ ಹೊಸಬರು ಅಂದುಕೊಂಡಿರುತ್ತಾರೆ; ನಿಜಕ್ಕೂ ಅವರು ಗುಂಪಿನ ಜೊತೆ ನಿಗದಿತ ವೇಗದಲ್ಲಿ ಒಂದೇ ಸಮನೆ ಓಡುವವರು. ಹೀಗೆ ಶುರು ಮಾಡಬಹುದು:

"ಹಾಫ್ ಮ್ಯಾರಥಾನನ್ನು ಎರಡು ಗಂಟೆಯಲ್ಲಿ ಮುಗಿಸಬೇಕಾದರೆ ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ಶುರುವಿನ ಹುರುಪಿನಲ್ಲಿ 5:25ಕ್ಕೆ ಓಡಿಬಿಟ್ಟರೆ ಐದೇ ಕಿಲೋಮೀಟರಿಗೆ 80 ಸೆಕೆಂಡು ಮುಂದಿರುತ್ತೇವೆ. ಆ ಸಾಲ ಕೊನೆಯ ಐದು ಕಿಲೋಮೀಟರಿನಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ. ಆ ಹುರುಪನ್ನು ತಡೆದು ಹಿಡಿದವರು ನಮ್ಮ ಪೇಸರ್‌ಗಳು. ಇನ್ನೂ ಬೇಗ ಮುಗಿಸಬಲ್ಲವರು, ನಮಗೋಸ್ಕರ ತಮ್ಮ ಓಟ ಬಿಟ್ಟುಕೊಟ್ಟರು."

ಇದಾದ ಮೇಲೆ ಪೇಸರ್‌ಗಳನ್ನು ಎದ್ದು ನಿಲ್ಲಿಸಿ. ಚಪ್ಪಾಳೆ ತಾನಾಗಿ ಬರುತ್ತದೆ.

ಸ್ವಯಂಸೇವಕರ ವಿಷಯದಲ್ಲಿ ಒಂದೇ ದೃಶ್ಯ ಆರಿಸಿ. ನಾನಾದರೆ ಕೊನೆಯ ಓಟಗಾರರ ಹಿಂದೆ ನಡೆದು ಬರುವ ಸ್ವೀಪರ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಮುಂದೆ ಓಡುವವರು ಅವರನ್ನು ನೋಡಿಯೇ ಇರುವುದಿಲ್ಲ. ಉಳಿದವರನ್ನು ಕೆಲಸದ ಲೆಕ್ಕದಲ್ಲಿ ಕರೆಯಿರಿ: ನೀರಿನ ಮೇಜಿನವರು, ತಿರುವಿನಲ್ಲಿ ನಿಂತು ದಾರಿ ತೋರಿಸಿದವರು. ಒಬ್ಬೊಬ್ಬರ ಹೆಸರು ಓದಲು ಹೋದರೆ ಯಾರದ್ದಾದರೂ ಬಿಟ್ಟುಹೋಗುತ್ತದೆ (ನಾನು ಬಿಟ್ಟಿದ್ದೇನೆ, ಒಂದು ವರ್ಷ ಮುಖ ತಪ್ಪಿಸಿಕೊಂಡು ಓಡಾಡಿದೆ).

ಹೊಸಬರನ್ನು ಕೊನೆಗಿಡಿ. ಅವರನ್ನು ವೇದಿಕೆಗೆ ಕರೆಯಬೇಡಿ, ಮುಜುಗರವಾಗುತ್ತದೆ. ಮುಂದಿನ ಓಟ ಯಾವಾಗ, ಎಲ್ಲಿ ಸೇರುವುದು, ಅತಿ ನಿಧಾನದ ಗುಂಪಿನ ವೇಗ ಎಷ್ಟು, ಅದರ ಪೇಸರ್ ಯಾರು ಎಂದು ಕೈತೋರಿಸಿ ಹೇಳಿ. "ಹಿಂದೆ ಬಿದ್ದರೆ ಕಾಯುತ್ತೀರಾ?" ಅನ್ನುವುದೇ ಅವರ ಮನಸ್ಸಿನಲ್ಲಿರುವ ಪ್ರಶ್ನೆ. ಕಾಯುತ್ತೀರಿ ಅಂತಾದರೆ ಮಾತ್ರ ಹೌದೆನ್ನಿ.