106ನೇ, 106ನೇಯ, ನೂರಾರನೇ: ಕರೆಯೋಲೆಯಲ್ಲಿ ಯಾವುದು?

ಪ್ರಶ್ನೆ: ನಮ್ಮೂರ ಶಾಲೆಯ 106ನೇ ವಾರ್ಷಿಕೋತ್ಸವ ಸಾರ್. ಕರೆಯೋಲೆ ಬರೆಯುವ ಕೆಲಸ ನನ್ನ ಮೇಲೆ ಬಿದ್ದಿದೆ. ಒಬ್ಬ ಮೇಷ್ಟ್ರು "106ನೇಯ" ಅಂತಾರೆ. ಪ್ರೆಸ್ಸಿನವರು "106 ನೇ" ಅಂತ ಬಿಡಿಸಿ ಹಾಕಿದ್ದಾರೆ. ಅಕ್ಷರದಲ್ಲೇ ಇರಲಿ ಅಂತ ಕಮಿಟಿಯವರು "ನೂರಾರನೇ" ಅಂತ ಬರೆದುಕೊಟ್ಟರು. ಯಾವುದು ಸರಿ?

ಉತ್ತರ: "106ನೇ" ಅಥವಾ "106ನೆಯ" ಎಂದು ಹಾಕಿಸಿ. ಅಕ್ಷರದಲ್ಲಿ ಬೇಕಿದ್ದರೆ "ನೂರ ಆರನೆಯ". ನಿಮ್ಮ ಕೈಗೆ ಬಂದ ಮೂರರಲ್ಲಿ ಒಂದನ್ನೂ ಅಚ್ಚಿಗೆ ಕಳಿಸಬೇಡಿ. ಈ "ನೇಯ" ನನಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಒಂದು ಸಾಲಿನಲ್ಲಿ ತಿದ್ದಿದರೆ ಯಾರೂ ನೆನಪಿಟ್ಟುಕೊಳ್ಳುತ್ತಿಲ್ಲ. ಹಾಗಾಗಿ ಈ ಸಲ ಕಾರಣವನ್ನೂ ಹೇಳುತ್ತೇನೆ.

ಎಣಿಕೆಯ ಪದಕ್ಕೆ ಸೇರುವುದು "ಅನೆಯ". ಎರಡು ಮತ್ತು ಅನೆಯ ಸೇರಿದಾಗ ಕೊನೆಯ ಉಕಾರ ಬಿದ್ದು ಎರಡನೆಯ ಆಗುತ್ತದೆ. ಮಾತಿನಲ್ಲಿ ಈ "ನೆಯ" ಸವೆದು "ನೇ" ಆಗಿದೆ. ಯಕಾರ ಹೋಯಿತು, ಅದರ ಬದಲಿಗೆ ನೆ ಉದ್ದವಾಯಿತು. ಅಂದರೆ "ನೇ" ಎಂದು ಬರೆದಾಗ ಆ ಯಕಾರ ಆಗಲೇ ಅದರೊಳಗೆ ಸೇರಿಹೋಗಿದೆ. ಅದರ ಮುಂದೆ ಇನ್ನೊಂದು ಯ ಹಾಕಿದರೆ ಎರಡು ರೂಪಗಳನ್ನು ಒಂದರ ಮೇಲೊಂದು ಹೇರಿದಂತೆ. ನೆ ಗಿಡ್ಡ ಇದ್ದರೆ ಯ ಇರಲಿ, ನೇ ಉದ್ದ ಇದ್ದರೆ ಯ ಬೇಡ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಒಂದೇ ಕರೆಯೋಲೆಯಲ್ಲಿ ಮೇಲೆ "106ನೆಯ", ಕೆಳಗೆ "2ನೇ ದಿನ" ಎಂದು ಬೆರೆಸಬೇಡಿ.

ಇದರ ಮುಂದೆ ಅವನು, ಅವರು, ಅದು ಸೇರುವಾಗ ಬರಹದಲ್ಲಿ ಗಿಡ್ಡ ರೂಪವೇ ಬರಬೇಕು: ಎರಡನೆಯವರು, ಮೂರನೆಯದು. "ಎರಡನೇಯವರು" ಎಂದು ಬಹುಮಾನದ ಪಟ್ಟಿಗಳಲ್ಲಿ ನೋಡುತ್ತೇನೆ. ಅದೂ ಇದೇ ತಪ್ಪು.

ಈಗ ಅಂಕಿಯ ವಿಷಯ. ಅಂಕಿಯ ಹಿಂದೆ ಒಂದು ಪದ ಇರುತ್ತದೆ. 106 ಎಂದು ಕಂಡಾಗ ಓದುವವರು "ನೂರ ಆರು" ಎಂದುಕೊಳ್ಳುತ್ತಾರೆ, "ನೇ" ಕಂಡ ಕೂಡಲೇ ನಾಲಿಗೆ ತಾನಾಗಿ "ನೂರ ಆರನೇ" ಎನ್ನುತ್ತದೆ. ಅಕಾರವನ್ನು ನೀವು ಬೇರೆ ಬರೆಯಬೇಕಿಲ್ಲ. ಎಲ್ಲ ಪ್ರತ್ಯಯಗಳಿಗೂ ಇದೇ ಪರೀಕ್ಷೆ ಸಾಕು: ಅಂಕಿಯನ್ನು ಜೋರಾಗಿ ಓದಿ, ಎಣಿಕೆಯ ಪದದ ಮೇಲೆ ಏನು ಸೇರಿತೋ ಅದನ್ನಷ್ಟೇ ಬರೆಯಿರಿ. ಐವತ್ತಾರರಲ್ಲಿ ಎನ್ನುತ್ತೇವೆ, ಆದ್ದರಿಂದ 1956ರಲ್ಲಿ. ಎರಡು ಸಾವಿರದಲ್ಲಿ ಎನ್ನುತ್ತೇವೆ, ಆದ್ದರಿಂದ 2000ದಲ್ಲಿ. ಹತ್ತಕ್ಕೆ ಎನ್ನುತ್ತೇವೆ, ಆದ್ದರಿಂದ 10ಕ್ಕೆ. ಯಾರೂ "ಹತ್ತುಗೆ" ಎನ್ನುವುದಿಲ್ಲ, ಆದರೂ "10ಗೆ" ಎಂದು ಬರೆಯುವವರಿದ್ದಾರೆ.

1ರ ಹತ್ತಿರ ಸ್ವಲ್ಪ ನಿಲ್ಲಿ. "1ನೇ" ಎಂದರೆ ಓದುವುದು "ಒಂದನೇ". ಒಂದನೇ ತರಗತಿಗೆ ಅದು ಸರಿ. ಆದರೆ "ನನ್ನ ಒಂದನೇ ಮಗ" ಎಂದು ಯಾರು ಹೇಳುತ್ತಾರೆ? ಅಲ್ಲಿ ಮೊದಲ ಮಗ ಅಥವಾ ಮೊದಲನೆಯ ಮಗ ಎಂದು ಅಕ್ಷರದಲ್ಲೇ ಬರೆಯಬೇಕು. ಬಹುಮಾನಕ್ಕೂ ಹಾಗೇ, ಮೊದಲ ಬಹುಮಾನ.

ಪ್ರೆಸ್ಸಿನವರ "106 ನೇ" ಯಾಕೆ ಬೇಡ ಅಂದರೆ, "ನೇ" ಬಿಡಿ ಪದ ಅಲ್ಲ. ಜಾಗ ಬಿಟ್ಟರೆ ಕಂಪ್ಯೂಟರ್ ಅದನ್ನು ಬಿಡಿ ಪದ ಎಂದೇ ತಿಳಿಯುತ್ತದೆ. ಸಾಲು ತುಂಬಿದಾಗ 106 ಮೇಲಿನ ಸಾಲಿನಲ್ಲಿ ಉಳಿದು, ನೇ ಕೆಳಗಿನ ಸಾಲಿನ ಮೊದಲಿಗೆ ಹೋಗಿ ಕೂರುತ್ತದೆ.

ಇನ್ನು ಕಮಿಟಿಯವರ "ನೂರಾರನೇ". ಮೂರರಲ್ಲಿ ಹೆಚ್ಚು ಕೆಡಿಸುವುದು ಇದೇ. ನೂರಾರು ಅಂದರೆ 106 ಅಲ್ಲ, ಲೆಕ್ಕವಿಲ್ಲದಷ್ಟು ನೂರುಗಳು. ನೂರಾರು ಜನ, ಸಾವಿರಾರು ರೂಪಾಯಿ, ಹತ್ತಾರು ಸಲ. ಹತ್ತಾರು ಎಂದರೆ ಹದಿನಾರು ಎಂದು ಯಾರಾದರೂ ತಿಳಿಯುತ್ತಾರಾ? ನೂರೆಂಟು, ನೂರೊಂದು ಕೂಡ ಹೀಗೇ ಜಾರುತ್ತವೆ. ನೂರೆಂಟು ತಾಪತ್ರಯ ಎಂದವರು 108 ಎಣಿಸಿರುವುದಿಲ್ಲ. ಆದ್ದರಿಂದ ಖಚಿತ ಲೆಕ್ಕ ಹೇಳುವಾಗ ನೂರನ್ನು ಬಿಡಿಸಿ ಬರೆಯುವುದು ಒಳ್ಳೆಯದು: ನೂರ ಆರು, ನೂರ ಎಂಟು. ಮಾತಿನ "ನೂರಾ ಆರು" ತಪ್ಪಲ್ಲ, ಆದರೆ ಬರಹದಲ್ಲಿ ನಾನು ಗಿಡ್ಡ "ನೂರ"ವನ್ನೇ ಉಳಿಸುತ್ತೇನೆ.

ಮುಂದೆ ಇನ್ನೊಂದು ಎಣಿಕೆ ಇದ್ದರೆ ನೂರು ಹೋಗಿ ನೂರ ಆಗುತ್ತದೆ, ಊರು ಹೋಗಿ "ಊರ ಬಾಗಿಲು" ಆದಂತೆ. ಸಾವಿರ, ಲಕ್ಷಗಳಿಗೆ ದ ಸೇರುತ್ತದೆ. ಕೊನೆಯ ಪದ ಮಾತ್ರ ಬದಲಾಗುವುದಿಲ್ಲ. ಶಾಲೆಗೆ ಯಾರೋ 1,25,506 ರೂಪಾಯಿ ದೇಣಿಗೆ ಕೊಟ್ಟರು, ರಸೀದಿ ಬರೆಯಬೇಕು ಅಂದುಕೊಳ್ಳಿ. ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರ ಆರು ರೂಪಾಯಿ. ಮೊತ್ತ 1,25,500 ಆಗಿದ್ದರೆ ಐನೂರು ಕೊನೆಯಲ್ಲೇ ಬರುತ್ತದೆ, ಹಾಗಾಗಿ ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರು ರೂಪಾಯಿ. "ಐನೂರು ಆರು" ಎಂದು ಬರೆದರೆ ಎರಡು ಬೇರೆ ಬೇರೆ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಂತೆ ಓದಿಸುತ್ತದೆ.

ಪ್ರಶ್ನೆ: ಕನ್ನಡ ಅಂಕಿಗಳಲ್ಲೇ ಟೈಪ್ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿತ್ತು. ಬೇರೆಯವರ ಫೋನಿನಲ್ಲಿ ಸೊನ್ನೆಯ ಜಾಗದಲ್ಲಿ ಚುಕ್ಕಿಗಳ ವೃತ್ತ ಬರುತ್ತಿದೆ. ಫಾಂಟ್ ಕೆಟ್ಟಿದೆಯಾ?

ಉತ್ತರ: ಫಾಂಟಿನ ಮೇಲೆ ಹಾಕಬೇಡಿ. ನೀವು ಸೊನ್ನೆಯ ಬದಲು ಅನುಸ್ವಾರ ಒತ್ತಿರುವ ಹಾಗಿದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಯೂನಿಕೋಡಿನಲ್ಲಿ ಅನುಸ್ವಾರ U+0C82, ಸೊನ್ನೆ U+0CE6. ಅನುಸ್ವಾರಕ್ಕೆ ಹಿಂದೆ ಒಂದು ಅಕ್ಷರ ಬೇಕು. ಅಂಕಿಯ ಪಕ್ಕ ಅದನ್ನು ಇಟ್ಟರೆ ಕೆಲವು ಕಡೆ ಆ ವೃತ್ತ ಕಾಣಿಸುತ್ತದೆ.

ಇದರ ತಿರುಗು ತಪ್ಪು ಇನ್ನೂ ಜಾಸ್ತಿ, ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. "ಸ೦ಖ್ಯೆ" ಎಂದು ಸೊನ್ನೆ ಹಾಕಿ ಬರೆದಿರುತ್ತಾರೆ. ಪುಟದಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ "ಸಂಖ್ಯೆ" ಎಂದು ಹುಡುಕಿದರೆ ಸಿಗುವುದಿಲ್ಲ. ಕರಡು ನನ್ನ ಕೈಗೆ ಬಂದರೆ ಮೊದಲು ಹುಡುಕುವ ಪೆಟ್ಟಿಗೆಯಲ್ಲಿ ೦ ಹಾಕಿ ನೋಡುತ್ತೇನೆ. ಪದದ ನಡುವೆ ಎಲ್ಲಿ ಸಿಕ್ಕರೂ ಅದು ತಪ್ಪು. ಆಮೇಲೆ ಅನುಸ್ವಾರ ಹುಡುಕಿ, ಅಂಕಿಗಳ ನಡುವೆ ಇರುವುದನ್ನೆಲ್ಲ ಬದಲಿಸುತ್ತೇನೆ. ನೀವೂ ಹಾಗೇ ಮಾಡಿ.

ಕನ್ನಡ ಅಂಕಿ ಹಿಡಿದರೆ ಕೊನೆಯ ತನಕ ಅದೇ ಇರಲಿ. ದಿನಾಂಕ ೧೪, ಇಸವಿ 2025, ಸಮಯ ೧೦.30 ಎಂದು ಕಲಸಬೇಡಿ. ಫೋನ್ ನಂಬರನ್ನು ಮಾತ್ರ 1, 2, 3ರಲ್ಲೇ ಕೊಡಿ, ಅದನ್ನು ಒತ್ತಿ ಕರೆ ಮಾಡಬೇಕಾದವರಿಗೆ ಅನುಕೂಲ.

ಪ್ರಶ್ನೆ: ಒಂಬತ್ತೋ ಒಂಭತ್ತೋ?

ಉತ್ತರ: ಇವತ್ತಿನ ಬರಹದಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು.

ಪ್ರಶ್ನೆ: ಅಂಗಡಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಬರೆದರೆ ಕೂಡಿದ ಸಂಖ್ಯೆ ಒಳ್ಳೆಯದಾಗುತ್ತದೆ ಅಂತ ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ. ಬರೆಸಲಾ?

ಉತ್ತರ: ಬೇಡ. ಕಾಗುಣಿತ ಕೆಡಿಸಲು ದುಡ್ಡು ಕೇಳುವವರನ್ನು ಅಂಗಡಿಯೊಳಗೆ ಬಿಡಬೇಡಿ.

ಪ್ರಶ್ನೆ: 1, 2, 3 ಇಂಗ್ಲಿಷ್ ಅಂಕಿಗಳಲ್ವಾ? ಕನ್ನಡದಲ್ಲಿ ಬಳಸಿದರೆ ತಪ್ಪಲ್ಲವಾ?

ಉತ್ತರ: ಅಲ್ಲ. ಅವು ಹುಟ್ಟಿದ್ದು ಭಾರತದಲ್ಲಿ, ಅರಬರ ಮೂಲಕ ಯುರೋಪಿಗೆ ಹೋದವು. ಸಂವಿಧಾನದ 343ನೇ ವಿಧಿ ಅವನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಎಂದೇ ಕರೆಯುತ್ತದೆ.

ಪ್ರಶ್ನೆ: ಹಾಗಾದ್ರೆ ಬೈಕಿನ ನಂಬರ್ ಪ್ಲೇಟನ್ನು ಬರೀ ಕನ್ನಡ ಅಂಕಿಗಳಲ್ಲಿ ಬರೆಸಬಹುದಾ?

ಉತ್ತರ: ಬರೆಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳು ಅಲ್ಲಿ ಇಂಗ್ಲಿಷ್ ಅಕ್ಷರ ಮತ್ತು 1, 2, 3 ಅಂಕಿಗಳನ್ನೇ ಕೇಳುತ್ತವೆ. ಮನೆಯ ಬಾಗಿಲಿನ ನಂಬರನ್ನು ಕನ್ನಡದಲ್ಲಿ ಬರೆಸಿ, ಅದಕ್ಕೆ ಯಾವ ತಡೆಯೂ ಇಲ್ಲ.