ಫೋನ್‌ನಲ್ಲಿ ಎಡಿಟ್ ಮಾಡಿದ ಮುಖ, ಆಲ್ಬಂನಲ್ಲಿ ಬೇರೆ ಬಣ್ಣ

ಪ್ರಶ್ನೆ: ಸೇಡಂ ಕಡೆ ಮದುವೆ ಫೋಟೋ ತೆಗೀತೀನಿ. ಎಡಿಟಿಂಗ್ ಪೂರ್ತಿ ಫೋನ್‌ನಲ್ಲೇ. ಸ್ಕ್ರೀನ್ ಮೇಲೆ ಮುಖಗಳು ಚೆನ್ನಾಗೇ ಕಾಣ್ತವೆ, ಕಲಬುರಗಿಯಿಂದ ಪ್ರಿಂಟ್ ಆಗಿ ಬಂದಾಗ ಕಪ್ಪಗೆ, ಕೆಂಪಗೆ ಇರ್ತವೆ. ಲ್ಯಾಬ್‌ನವರು ಮಾನಿಟರ್ ತಗೊಳ್ಳಿ ಅಂತಾರೆ. ನಿಜವಾಗ್ಲೂ ಬೇಕಾ?

ಪ್ರಿಂಟ್‌ಗೆ ಹೋಗುವ ಕೆಲಸಕ್ಕೆ ಬೇಕು. ಆದರೆ ಮಾನಿಟರ್ ಬರುವವರೆಗೂ ಕಪ್ಪು-ಕೆಂಪು ಮುಖ ಕೊಡುತ್ತಾ ಇರಬೇಕು ಅಂತೇನಿಲ್ಲ. ನಾನು ಕಲಬುರಗಿಯಲ್ಲಿ ಆಲ್ಬಂ ಡಿಸೈನ್ ಮಾಡುತ್ತೇನೆ. ಆಳಂದ, ಜೇವರ್ಗಿ, ನಿಮ್ಮ ಸೇಡಂ ಕಡೆಯಿಂದ ಬರುವ ಫೈಲ್‌ಗಳಲ್ಲಿ ಇದೇ ದೂರು ಜಾಸ್ತಿ.

ಒಂದು ವಿಷಯ ಮೊದಲು ಹಿಡಿದುಕೊಳ್ಳಿ. ಸ್ಕ್ರೀನ್‌ನ ತಪ್ಪು ಪ್ರಿಂಟ್‌ನಲ್ಲಿ ಉಲ್ಟಾ ಆಗಿ ಕಾಣುತ್ತದೆ. ಹೊಸ ಫೋನ್‌ಗಳ ಸ್ಕ್ರೀನ್ ತುಂಬಾ ಬೆಳಕು ಚೆಲ್ಲುತ್ತದೆ. ಬಿಸಿಲಿಗೆ ಹೋದರೆ ತಾನೇ ಇನ್ನೂ ಏರಿಸಿಕೊಳ್ಳುತ್ತದೆ. ಆ ಬೆಳಕಿನಲ್ಲಿ ಡಲ್ ಫೋಟೋನೂ ಸರಿಯಾಗಿ ಕಾಣುತ್ತದೆ, ನೀವು ಬ್ರೈಟ್‌ನೆಸ್ ಏರಿಸುವುದೇ ಇಲ್ಲ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಪ್ರಿಂಟ್ ಕಪ್ಪಾಗುತ್ತದೆ. ಬಣ್ಣದ್ದೂ ಹೀಗೇ. `Vivid` ಮೋಡ್‌ನಲ್ಲಿ ಬಿಳಿ ಬಣ್ಣ ಸಾಮಾನ್ಯವಾಗಿ ಸ್ವಲ್ಪ ನೀಲಿ ಕಡೆ ವಾಲಿರುತ್ತದೆ. ಆ ನೀಲಿ ಫೋಟೋದಲ್ಲಿರುವ ಕೆಂಪನ್ನು ಮುಚ್ಚಿಡುತ್ತದೆ, ಕೆಲವೊಮ್ಮೆ ನೀವೇ ಇನ್ನಷ್ಟು ವಾರ್ಮ್ ಸೇರಿಸುತ್ತೀರಿ. ರಾತ್ರಿ ಕಣ್ಣಿಗೆ ಹಿತ ಅಂತ ಹಳದಿ ಮೋಡ್ ಹಾಕಿ ಎಡಿಟ್ ಮಾಡುವವರಿಗೆ ಇದರ ಉಲ್ಟಾ, ಮುಖ ಬೂದಿ ಬಳಿದ ಹಾಗೆ ಬರುತ್ತದೆ. ನಿಮ್ಮದು ಕಪ್ಪು ಮತ್ತು ಕೆಂಪು ಅಂದರೆ, ಸ್ಕ್ರೀನ್ ತುಂಬಾ ಬ್ರೈಟ್ ಇದೆ, ತುಂಬಾ ಕೂಲ್ ಇದೆ ಅಂತ ಪ್ರಿಂಟೇ ಹೇಳುತ್ತಿದೆ.

ಈಗ ಅಂಕಿ ನೋಡಿ ಕೆಲಸ ಮಾಡುವುದನ್ನು ಹೇಳುತ್ತೇನೆ. ಸ್ಕ್ರೀನ್ ಸುಳ್ಳು ಹೇಳಬಹುದು, ಫೈಲ್ ಒಳಗಿನ ಅಂಕಿ ಬದಲಾಗುವುದಿಲ್ಲ. ಕಲರ್ ಪಿಕರ್ ಇರುವ ಯಾವ ಆ್ಯಪ್ ಆದರೂ ಸಾಕು. ಕಂಪ್ಯೂಟರ್‌ನಲ್ಲಿ ಫೋಟೋಶಾಪ್ ಇದ್ದರೆ `Info` ಪ್ಯಾನೆಲ್ ತೆರೆದು, ಐಡ್ರಾಪರ್‌ನ ಸ್ಯಾಂಪಲ್ ಸೈಜ್ `5 by 5 Average` ಇಟ್ಟುಕೊಳ್ಳಿ. ಒಂದೇ ಪಿಕ್ಸೆಲ್ ಓದಿದರೆ ಮೋಸ ಹೋಗುತ್ತೀರಿ.

ಬೇಸಿಗೆ ಮದುವೆ ಅಂದುಕೊಳ್ಳಿ. ನಡುಮಧ್ಯಾಹ್ನ, ಕೆಂಪು ಬಟ್ಟೆಯ ಶಾಮಿಯಾನ, ಕೆಳಗೆ ಮದುಮಗಳು. ಬಿಸಿಲು ಆ ಬಟ್ಟೆಯಿಂದ ಸೋಸಿಕೊಂಡು ಮುಖದ ಮೇಲೆ ಬೀಳುತ್ತದೆ. ನಮ್ಮ ಕಡೆ ಕೆಂಪು ಮುಖಗಳಿಗೆ ಅರ್ಧ ಕಾರಣ ಈ ಶಾಮಿಯಾನವೇ ಅಂತ ನನ್ನ ಲೆಕ್ಕ. ಅವಳ ಕೆನ್ನೆಯ ಪಕ್ಕ, ಹೊಳಪೂ ಇಲ್ಲದ, ರೂಜ್ ಕೂಡ ಇಲ್ಲದ ಜಾಗದಲ್ಲಿ ಓದಿದರೆ ಹೀಗೆ ಬರುತ್ತದೆ ಅನ್ನಿ: ಕೆಂಪು 168, ಹಸಿರು 98, ನೀಲಿ 84. ಮನುಷ್ಯರ ಚರ್ಮದಲ್ಲಿ ಕೆಂಪು ಮೇಲೆ, ಹಸಿರು ನಡುವೆ, ನೀಲಿ ಕೆಳಗೆ ಇರುತ್ತದೆ. ಇಲ್ಲೂ ಆ ಕ್ರಮ ಇದೆ, ಆದರೆ ಹಸಿರು ನೀಲಿಗೆ ಅಂಟಿಕೊಂಡಿದೆ. ಅದನ್ನು ಹೀಗೆ ಅಳೆಯಿರಿ:

```
H = 60 × (G − B) ÷ (R − B)
```

60 × 14 ÷ 84, ಅಂದರೆ ಹ್ಯೂ 10 ಡಿಗ್ರಿ. ಪಿಕರ್‌ನಲ್ಲಿ `HSB` ಇದ್ದರೆ `H` ಅಂತ ಇದೇ ಅಂಕಿ ಸಿಗುತ್ತದೆ, ಲೆಕ್ಕ ಹಾಕುವುದೂ ಬೇಡ. ಸರಿಯಾದ ಬೆಳಕಿನಲ್ಲಿ ಚರ್ಮದ ಹ್ಯೂ ಹೆಚ್ಚಾಗಿ 15ರಿಂದ 30 ಡಿಗ್ರಿ ಒಳಗೆ ಬರುತ್ತದೆ. 10 ಅಂದರೆ ಕೆಂಪು ಜಾಸ್ತಿ ಆಗಿದೆ.

ಆದರೆ ಅವಳ ಬಣ್ಣವೇ ಹಾಗಿದೆಯೋ ಏನೋ ಅನ್ನೋ ಅನುಮಾನ ಉಳಿಯುತ್ತೆ, ಅಲ್ವಾ? ಅದಕ್ಕೆ ಪಕ್ಕದಲ್ಲಿ ನಿಂತ ಮದುಮಗನ ಬಿಳಿ ಜುಬ್ಬಾ ಓದಿ. ಅಲ್ಲಿ 232, 206, 204 ಬಂದರೆ ಮುಗಿಯಿತು. ಬಿಳಿ ಬಟ್ಟೆಯಲ್ಲಿ ಮೂರೂ ಹತ್ತಿರ ಹತ್ತಿರ ಇರಬೇಕು. ಕೆಂಪು ಇಷ್ಟು ಮೇಲಿದ್ದರೆ ಅದು ಶಾಮಿಯಾನದ ಬಣ್ಣ.

ಇಲ್ಲಿ ಸ್ಯಾಚುರೇಷನ್ ಇಳಿಸಬೇಡಿ. ಎಲ್ಲರೂ ಮೊದಲು ಅದನ್ನೇ ಮುಟ್ಟುತ್ತಾರೆ, ಮುಖದ ರಕ್ತವೇ ಹೋಗುತ್ತದೆ, ಹ್ಯೂ ಮಾತ್ರ ಅಲ್ಲೇ ಇರುತ್ತದೆ. ಶಾಮಿಯಾನದ ಕೆಳಗಿನ ಜನರಿಗೆ ಮಾತ್ರ ಮಾಸ್ಕ್ ಹಾಕಿ, ಹಿಂದೆ ಬಿಸಿಲಿನಲ್ಲಿರುವ ಜಾಗ ಬಿಡಿ. `Tint` ಅನ್ನು ಹಸಿರು ಕಡೆ ಸರಿಸಿ, `Temp` ಅನ್ನು ನೀಲಿ ಕಡೆ ಸ್ವಲ್ಪವೇ. ಜುಬ್ಬಾದ ಮೂರು ಅಂಕಿ ಹತ್ತಿರ ಬರುವವರೆಗೆ ಸಾಕು. ಕೆಂಪು ಒಂದು ಕೂದಲೆಳೆ ಮೇಲಿದ್ದರೆ ಇರಲಿ, ಮದುವೆ ಫೋಟೋ ತೀರಾ ತಣ್ಣಗಾಗಬಾರದು. ಆಮೇಲೆ ಮಿಡ್‌ಟೋನ್ ಏರಿಸಿ. ಕೆನ್ನೆ ಈಗ 182, 132, 104ರ ಸುತ್ತ ಬಂದರೆ ಹ್ಯೂ ಸುಮಾರು 22. ಗೋಧಿ ಬಣ್ಣದ ಹುಡುಗಿಗೆ ಇದು ಪ್ರಿಂಟ್‌ನಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಮದುಮಗ ಕಪ್ಪಗಿದ್ದರೆ? ಅವನ ಕೆನ್ನೆ 120, 82, 62 ಇರಬಹುದು. ಹ್ಯೂ ಲೆಕ್ಕ ಹಾಕಿ, 21 ಬರುತ್ತದೆ. ಇಬ್ಬರ ಹ್ಯೂ ಹೆಚ್ಚು ಕಡಿಮೆ ಒಂದೇ, ವ್ಯತ್ಯಾಸ ಇರುವುದು ಬೆಳಕಿನಲ್ಲಿ. ಹಾಗಾಗಿ ಅವಳ ಅಂಕಿಗಳನ್ನು ಅವನ ಮುಖಕ್ಕೆ ತಂದು ಕೂರಿಸಬೇಡಿ. "ಹುಡುಗನ್ನ ಸ್ವಲ್ಪ ಬೆಳ್ಳಗೆ ಮಾಡ್ರಿ" ಅಂತ ಮನೆಯವರು ಹೇಳೇ ಹೇಳುತ್ತಾರೆ. ಮಿಡ್‌ಟೋನ್ ಸ್ವಲ್ಪ ಏರಿಸಿ ಕೊಡಿ, ನೋಡುವವರಿಗೂ ಸಮಾಧಾನ, ಹುಡುಗನೂ ಹುಡುಗನ ಹಾಗೇ ಇರುತ್ತಾನೆ.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಅರಿಶಿಣ ಶಾಸ್ತ್ರದ ಮುಖಗಳಲ್ಲಿ ಹ್ಯೂ 30 ದಾಟುತ್ತದೆ, ದಾಟಬೇಕು ಕೂಡ. ಅಲ್ಲಿ ಅರಿಶಿಣ ಹತ್ತದ ಕುತ್ತಿಗೆಯನ್ನೋ ಪಕ್ಕದವರ ಮುಖವನ್ನೋ ಓದಿ. ದಪ್ಪ ಫೌಂಡೇಶನ್ ಹಚ್ಚಿದ ಮುಖವೂ ಹಾಗೇ, ಅದು ಕ್ರೀಮಿನ ಬಣ್ಣ. ಇನ್ನು ಅಂಕಿ ಸರಿ ಇದ್ದರೂ ಕೆನ್ನೆಯಿಂದ ಗದ್ದದ ನೆರಳಿಗೆ ಬಣ್ಣ ಹೇಗೆ ಇಳಿಯುತ್ತಿದೆ ಅನ್ನುವುದು ಪಿಕರ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಕಣ್ಣು ಬೇಕು, ಕಣ್ಣಿಗೆ ನಂಬುವಂಥ ಸ್ಕ್ರೀನ್ ಬೇಕು. ಮಾನಿಟರ್ ಬೇಕು ಅನ್ನುವುದು ಅಲ್ಲಿಗೆ.

ಮಾನಿಟರ್ ತಂದಿಟ್ಟ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ಅದನ್ನು ಅಳೆಯಬೇಕು. ಸ್ಪೈಡರ್, ಕ್ಯಾಲಿಬ್ರೈಟ್ ಥರದ ಅಳೆಯುವ ಸಾಧನ ಸ್ಕ್ರೀನ್ ಮೇಲೆ ಇಟ್ಟರೆ, ಅದರ ಸಾಫ್ಟ್‌ವೇರ್ ಒಂದೊಂದೇ ಬಣ್ಣ ತೋರಿಸಿ, ಸಾಧನದಿಂದ ಓದಿಸಿ, ಪ್ರೊಫೈಲ್ ಮಾಡಿಕೊಡುತ್ತದೆ. ಐಪಿಎಸ್ ಪ್ಯಾನೆಲ್ ತಗೊಳ್ಳಿ. ಬಿಳಿ 6500 ಕೆಲ್ವಿನ್, ಗಾಮಾ 2.2, ಬೆಳಕು ಚದರ ಮೀಟರ್‌ಗೆ 100 ಕ್ಯಾಂಡೆಲಾ ಆಸುಪಾಸು ಇಡಿ. ಮೊದಲ ದಿನ ಸ್ಕ್ರೀನ್ ಸತ್ತ ಹಾಗೆ ಕಾಣುತ್ತದೆ, ಫೋನ್ ಅಭ್ಯಾಸ ಅಷ್ಟು ಕೆಟ್ಟದ್ದು. ಅಂಗಡಿ ಬಾಗಿಲಿನ ಬಿಸಿಲು ಸ್ಕ್ರೀನ್‌ಗೆ ಬೀಳದಂತೆ ತಿರುಗಿಸಿ ಕೂರಿ. ಸಾಧನ ದಿನಾ ಬೇಕಾಗುವುದಿಲ್ಲ, ತಿಂಗಳಿಗೊಮ್ಮೆ ಸಾಕು. ಎರಡು-ಮೂರು ಸ್ಟುಡಿಯೋದವರು ಸೇರಿ ಒಂದನ್ನು ತಗೊಳ್ಳಬಹುದು.

ಅಲ್ಲಿವರೆಗೆ ಫೋನ್‌ನಲ್ಲಿ `Vivid` ತೆಗೆದು `Natural` ಹಾಕಿ. ಆಟೋ ಬ್ರೈಟ್‌ನೆಸ್, ಹಳದಿ ಮೋಡ್, ಐಫೋನ್ ಆದರೆ `True Tone` ಕೂಡ ಆಫ್ ಮಾಡಿ. ಫೈಲ್ ಕೊಡುವಾಗ `sRGB` ಆಗಿರಲಿ. ಐಫೋನ್‌ನ `Display P3` ಫೈಲನ್ನು ಪ್ರೊಫೈಲ್ ಓದದ ಸಾಫ್ಟ್‌ವೇರ್ ತೆರೆದರೆ ಬಣ್ಣ ಸಪ್ಪೆಯಾಗುತ್ತದೆ.

ಆಮೇಲೆ ಈ ಮದುವೆಯಿಂದಲೇ ಮೂರು ಫೋಟೋ ಆರಿಸಿ: ಶಾಮಿಯಾನದ್ದೊಂದು, ರಾತ್ರಿ ಲೈಟಿಂದೊಂದು, ಬಯಲಿಂದೊಂದು. 4×6 ಟೆಸ್ಟ್ ಪ್ರಿಂಟ್ ಹಾಕಿಸಿ. ಲ್ಯಾಬ್‌ನವರಿಗೆ "ಕರೆಕ್ಷನ್ ಮಾಡಬೇಡಿ, ಹಾಗೇ ಹಾಕಿ" ಅಂತ ಹೇಳಿ. ಇಲ್ಲದಿದ್ದರೆ ಮಷಿನ್ ಮೇಲೆ ಕೂತವರು ತಮಗೆ ತೋಚಿದ್ದು ಮಾಡುತ್ತಾರೆ, ತಪ್ಪು ನಿಮ್ಮದೋ ಅವರದೋ ಗೊತ್ತಾಗುವುದಿಲ್ಲ. ಪ್ರಿಂಟ್ ಅನ್ನು ಹಗಲಲ್ಲಿ, ನೆರಳಿರುವ ಕಿಟಕಿ ಹತ್ತಿರ ಹಿಡಿದು ಫೋನ್ ಪಕ್ಕದಲ್ಲಿಡಿ. ಎರಡರ ಬೆಳಕು ಹೊಂದುವವರೆಗೆ ಫೋನ್ ಬ್ರೈಟ್‌ನೆಸ್ ಇಳಿಸಿ. ಆ ಸ್ಲೈಡರ್ ಎಲ್ಲಿ ನಿಂತಿತೋ ಅಲ್ಲೇ ಇಟ್ಟು, ಅದೇ ಜಾಗದಲ್ಲಿ ಕೂತು ಉಳಿದ ಫೋಟೋ ಎಡಿಟ್ ಮಾಡಿ.